ಮಳೆ, ಟೈಮ್ ವಿಷಯಕ್ಕೆ ಬರೀ ‘ಇಟ್’ ಸಾಕಾ?

“ಹವಾಮಾನ, ಸಮಯ ಅಂದ್ರೆ ಇಂಗ್ಲಿಷಲ್ಲಿ ಯಾವಾಗಲೂ ‘ಇಟ್’ ಬಳಸಬೇಕು, ‘ದೇರ್’ ತಪ್ಪು ಅಂತಾರೆ. ನಿಜಾನಾ?”

ನಿಜ ಅಲ್ಲ. ವಿಷಯ ಯಾವುದು ಅಂತಲ್ಲ, ಮುಂದೆ ಬರುವ ಪದ ಎಂಥದ್ದು ಅಂತ ನೋಡಬೇಕು. ಮಡಿಕೇರಿಯಲ್ಲಿ ಬೆಳಗ್ಗೆ ಮಂಜು ಕವಿದಿದೆ ಅಂದುಕೊಳ್ಳಿ. ‘ಫಾಗಿ’ ಗುಣವಾಚಕ, ಅದಕ್ಕೆ ‘ಇಟ್ ಈಸ್ ಫಾಗಿ’. ‘ಫಾಗ್’ ನಾಮಪದ, ಮಂಜು ಇದೆ ಅಂತ ಹೇಳಲು ‘ದೇರ್ ಈಸ್ ಫಾಗ್’. ಎರಡೂ ಸರಿ. ‘ಇಟ್ ಈಸ್ ಫಾಗ್ ಇನ್ ಮಡಿಕೇರಿ’ ಮಾತ್ರ ತಪ್ಪು.

ನಾವು ಎಡವುವುದು ‘ಇದೆ’ಯಿಂದ. ಮಂಜು ಇದೆ, ಚಳಿ ಇದೆ: ಕನ್ನಡದಲ್ಲಿ ಎರಡೂ ಒಂದೇ ಥರ. ಆದರೆ ಇಂಗ್ಲಿಷಿನಲ್ಲಿ ಚಳಿಗೆ ಹೇಳುವ ‘ಕೋಲ್ಡ್’ ಗುಣವಾಚಕ. ಹಾಗಾಗಿ ‘ಇಟ್ ಈಸ್ ಕೋಲ್ಡ್’. ಮಳೆ ಬರ್ತಿದ್ರೆ ಕ್ರಿಯಾಪದ, ‘ಇಟ್ ಈಸ್ ರೈನಿಂಗ್’.

ಗಂಟೆ ಹೇಳುವಾಗ ‘ಇಟ್’ ಸರಿ: ‘ಇಟ್ ಈಸ್ ಟೆನ್’. ಆದರೆ ‘ಟೈಮ್’ ಪದ ಬಂದಾಗ ಜಾಸ್ತಿ ಹುಷಾರಾಗಿರಿ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ‘ಟೈಮ್ ಇದೆ, ನಿಧಾನಕ್ಕೆ ಬಾ’ ಅನ್ನುವ ಅರ್ಥದಲ್ಲಿ ಗೆಳೆಯನಿಗೆ ‘ಇಟ್ ಈಸ್ ಟೈಮ್’ ಅಂತ ಮೆಸೇಜ್ ಹಾಕಿದ್ದೆ. ಪಾಪ, ತಿಂಡಿ ಬಿಟ್ಟು ಓಡಿ ಬಂದ. ಅದರರ್ಥ ‘ಟೈಮ್ ಆಯ್ತು’ ಅಂತ. ನಾನು ಬರೆಯಬೇಕಿದ್ದದ್ದು ‘ದೇರ್ ಈಸ್ ಟೈಮ್’.