ಲೈಬ್ರರಿ ಹಂಚಿಕೊಳ್ಳುವವರು ಒಂದೇ ರೆಪೊದಲ್ಲಿರಲಿ

"ಕಂಪನಿ ಬೆಳೀತಿದೆ, ಲೈಬ್ರರಿ ಎಲ್ಲರಿಗೂ ಒಂದೇ. ಒಂದೇ ರೆಪೊ ಮಾಡೋದಾ, ಬೇರೆ ಬೇರೆನಾ?"

ಒಂದೇ ಮಾಡಿ. ಕಲಬುರಗಿಯಲ್ಲಿ ನಾವು ತೊಗರಿ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಆರು ರೆಪೊ ಇದ್ದವು, ತೂಕದ ಲೆಕ್ಕದ ಲೈಬ್ರರಿ ಏಳನೆಯದು. ಅದರಲ್ಲಿ ರೌಂಡಿಂಗ್ ತಪ್ಪನ್ನು ಸರಿ ಮಾಡಿ 1.4.2 ಬಿಟ್ಟೆವು. ಐದು ರೆಪೊ ಹೊಸದಕ್ಕೆ ಬಂದವು, ರಿಪೋರ್ಟಿನದು ಮಾತ್ರ 1.3.0ರಲ್ಲೇ ಉಳಿಯಿತು. ಅದೇ ಚೀಲ ಬಿಲ್ಲಿನಲ್ಲಿ 50.25 ಕೆಜಿ, ರಿಪೋರ್ಟಿನಲ್ಲಿ 50.2! ಕಾರಣ ಹುಡುಕಲು ಎರಡು ದಿನ ಹೋಯಿತು.

ಈಗ ಎಲ್ಲವೂ ಒಂದೇ ರೆಪೊದಲ್ಲಿದೆ, ಲೈಬ್ರರಿ ಬದಲಿಸಿದವರೇ ಅದನ್ನು ಬಳಸುವ ಕೋಡನ್ನೂ ಅದೇ ಕಮಿಟ್‌ನಲ್ಲಿ ತಿದ್ದುತ್ತಾರೆ. ಮರೆತರೆ ಟೆಸ್ಟ್ ಅಲ್ಲೇ ಫೇಲ್ ಆಗುತ್ತದೆ. ಆದರೆ ಪ್ರತಿ ಸಲ ಎಲ್ಲ ಟೆಸ್ಟ್ ಓಡಿಸಬೇಡಿ, ಕಾಯುವುದೇ ಜಾಸ್ತಿಯಾಗುತ್ತದೆ. ಬದಲಾದ ಫೋಲ್ಡರ್ ಮತ್ತು ಅದನ್ನು ನೆಚ್ಚಿಕೊಂಡವು ಸಾಕು. ಇನ್ನೊಂದು, ಗಿಟ್‌ನಲ್ಲಿ ಒಂದು ಫೋಲ್ಡರನ್ನು ಮಾತ್ರ ಕೆಲವರಿಂದ ಮುಚ್ಚಿಡಲು ಆಗುವುದಿಲ್ಲ. ಹೊರಗಿನವರು ಮುಟ್ಟುವ ಕೋಡ್ ಇದ್ದರೆ ಅದನ್ನು ಬೇರೆ ರೆಪೊದಲ್ಲೇ ಇಡಿ.