ಯಾವುದಕ್ಕೋ ಒಂದು ಸಂದರ್ಶನ

ಶಿರಸಿಯಲ್ಲಿ ಬ್ಯಾಂಕಿನಿಂದ ನಿವೃತ್ತನಾದವನಿಗೆ ಎರಡು ಕೆಲಸಗಳು ತಾವಾಗಿಯೇ ಅಂಟಿಕೊಳ್ಳುತ್ತವೆ: ದೇವಸ್ಥಾನದ ಲೆಕ್ಕ ಬರೆಯುವುದು ಮತ್ತು ಊರ ಮಕ್ಕಳನ್ನು ಸಂದರ್ಶನಕ್ಕೆ ತಯಾರು ಮಾಡುವುದು. ಮೊದಲನೆಯದರಲ್ಲಿ ದೇವರು ಯಾರೆಂದಾದರೂ ಗೊತ್ತಿರುತ್ತದೆ.

"ಭಾವ, ಮಾಣಿಗೆ ಗುರುವಾರ ಇಂಟರ್‌ವ್ಯೂ. ಸ್ವಲ್ಪ ತಯಾರಿ ಮಾಡಿಸಿ," ಎಂದರು ನನ್ನ ಭಾವ.

ಯಾವ ಹುದ್ದೆಗೆ? "ಒಳ್ಳೆಯ ಹುದ್ದೆಯಂತೆ." ಸರ್ಕಾರಿಯೋ ಖಾಸಗಿಯೋ? "ಅದೆಲ್ಲ ಅಲ್ಲಿಗೆ ಹೋದಮೇಲೆ ತಿಳಿಯುತ್ತದೆ." ಹೊಸಬರಿಗೋ ಅನುಭವಿಗಳಿಗೋ? "ನೀವು ಎರಡಕ್ಕೂ ಹೇಳಿಬಿಡಿ."

ಎರಡಕ್ಕೂ ಹೊಂದುವ ಉತ್ತರಗಳು ಇಲ್ಲವೆಂದಲ್ಲ, ಊರ ತುಂಬ ಅವೇ ಇವೆ. ಅಡಿಕೆ ವಹಿವಾಟಿನ ಸಹಕಾರಿ ಸಂಘವೊಂದರ ಗುಮಾಸ್ತ ಹುದ್ದೆಗೆ ಬಂದ ಹುಡುಗನೊಬ್ಬ ಹಾಗೆ ಸಜ್ಜಾಗಿಯೇ ಬಂದಿದ್ದ. ದೌರ್ಬಲ್ಯವೇನು ಎಂದರೆ ಎಲ್ಲವೂ ಪರಿಪೂರ್ಣವಾಗಿರಬೇಕೆಂಬ ಹಟವೇ ತನ್ನ ದೌರ್ಬಲ್ಯ ಎಂದ. ಮುಂದೆ ಕೂತಿದ್ದ ನಿರ್ದೇಶಕರು ತೋಟದವರು. ಅವರು ಮೇಜಿನ ಮೇಲೆ ಎರಡು ಅಡಿಕೆ ಇಟ್ಟು, "ಇದರಲ್ಲಿ ಚಾಲಿ ಯಾವುದು, ರಾಶಿ ಯಾವುದು?" ಎಂದು ಕೇಳಿದರು. ಹಣ್ಣಡಿಕೆಯನ್ನು ಸಿಪ್ಪೆಸಮೇತ ಒಣಗಿಸಿ ಸುಲಿದರೆ ಬಿಳಿ ಚಾಲಿ. ಹಸಿ ಅಡಿಕೆಯನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸಿದರೆ ಕೆಂಪು ರಾಶಿ. ಎರಡಕ್ಕೂ ದರ ಬೇರೆ, ಲೆಕ್ಕ ಬೇರೆ. ಪರಿಪೂರ್ಣತೆಯ ಹುಡುಗ ಎರಡನ್ನೂ ತಿರುಗಿಸಿ ನೋಡಿ, ತಂಡದೊಂದಿಗೆ ಚರ್ಚಿಸಿ ತೀರ್ಮಾನಿಸುವುದಾಗಿ ಹೇಳಿದ.

ಅದೇ ಹುಡುಗ ಬ್ಯಾಂಕ್ ಅಧಿಕಾರಿ ಹುದ್ದೆಗೆ ಹೋಗಿದ್ದರೆ ಅಡಿಕೆ ಬದಲು ಸಾಲ ಬರುತ್ತಿತ್ತು. ಅವಧಿ ಸಾಲದ ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಏನಾಗುತ್ತದೆ ಎಂಬುದು ಅಲ್ಲಿನ ಚಾಲಿ. ಹತ್ತು ವರ್ಷ ದುಡಿದವನನ್ನು ಇವೆರಡನ್ನೂ ಕೇಳದೆ, ವಸೂಲಾಗದ ಸಾಲಕ್ಕೆ ನೀನು ಸಹಿ ಹಾಕಿದ್ದು ಏಕೆ ಎಂದು ಕೇಳುತ್ತಾರೆ. ಅದಕ್ಕೂ "ನಾನು ಬೇಗ ಕಲಿಯುತ್ತೇನೆ" ಎಂದರೆ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಅವರಿಗೆ ಅನುಮಾನ ಬರುವುದು ಸಹಜ. ಇನ್ನು ಹನ್ನೊಂದು ತಿಂಗಳ ಗುತ್ತಿಗೆ ಕೆಲಸಕ್ಕೆ ಬಂದು, ಐದು ವರ್ಷದ ನಂತರ ಇದೇ ಕುರ್ಚಿಯಲ್ಲಿರುತ್ತೇನೆ ಎನ್ನುವವರ ಧೈರ್ಯವನ್ನಂತೂ ಮೆಚ್ಚಲೇಬೇಕು.

ಭಾವನಿಗೆ ಇಷ್ಟೆಲ್ಲ ಹೇಳಿ, ಬಂದ ಪತ್ರವನ್ನಾದರೂ ತೋರಿಸಿ ಎಂದೆ. ಅದು ಮಡಿಕೆ ಬಿಚ್ಚದೆ ಗೋಡೆಯ ಕ್ಯಾಲೆಂಡರಿನ ಹಿಂದೆ ಸುರಕ್ಷಿತವಾಗಿತ್ತು. ಬ್ಯಾಂಕ್ ಕ್ಲರ್ಕ್ ಹುದ್ದೆ. ಮೂಲ ದಾಖಲೆಗಳ ಪರಿಶೀಲನೆಗೆ ಗುರುವಾರ ಬರಬೇಕು, ಅಂಕಪಟ್ಟಿ ಮತ್ತು ಫೋಟೋ ತರಬೇಕು. ಐಬಿಪಿಎಸ್ ಮೂಲಕ ನಡೆಯುವ ಕ್ಲರ್ಕ್ ನೇಮಕಾತಿಯಲ್ಲಿ ಪೂರ್ವಭಾವಿ ಮತ್ತು ಮುಖ್ಯ ಪರೀಕ್ಷೆ ಇವೆ, ಸ್ಥಳೀಯ ಭಾಷೆಯ ಪರೀಕ್ಷೆ ಇದೆ, ಸಂದರ್ಶನವೇ ಇಲ್ಲ. ಕೇಂದ್ರ ಸರ್ಕಾರವೂ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನು 2016ರ ಜನವರಿಯಿಂದಲೇ ಕೈಬಿಟ್ಟಿದೆ. ಮಾಣಿ ಅಷ್ಟರಲ್ಲಿ ಕೋಟು ಹೊಲಿಸಿ ಆಗಿತ್ತು.

ಭಾವ ಪತ್ರವನ್ನು ಮಡಚಿ ಮತ್ತೆ ಅಲ್ಲಿಯೇ ಸಿಕ್ಕಿಸಿದರು. "ಇರಲಿ ಭಾವ, ಆದರೂ ಒಂದು ನಾಲ್ಕು ಪ್ರಶ್ನೆ ಹೇಳಿಕೊಡಿ. ಯಾವುದಕ್ಕಾದರೂ ಬರುತ್ತದೆ."