8,500 ರೂಪಾಯಿಯ ಪಾರ್ಸೆಲ್‌ಗೆ 100 ರೂಪಾಯಿ

ಬೀದರ್‌ನಿಂದ ಪುಣೆಗೆ, ಅಕ್ಕನ ಗೃಹಪ್ರವೇಶಕ್ಕೆ ಕಳಿಸಿದ ಬಿದರಿ ಹೂದಾನಿ ಕಳೆದುಹೋಗಿ ಇವತ್ತಿಗೆ 38 ದಿನ. ಹೈದರಾಬಾದ್ ಹಬ್‌ನಲ್ಲಿ ಸ್ಕ್ಯಾನ್ ಆಗಿದೆ, ಅಲ್ಲಿಂದ ಮುಂದಕ್ಕೆ ಒಂದು ಸಾಲೂ ಇಲ್ಲ. ಕೊರಿಯರ್ ಕಂಪನಿಗೆ ಮೂರು ಮೇಲ್ ಬರೆದೆ. ಇವತ್ತು ಉತ್ತರ ಬಂತು: ರಶೀದಿಯ ಹಿಂದಿನ ಷರತ್ತಿನ ಪ್ರಕಾರ 100 ರೂಪಾಯಿ ಕೊಡ್ತಾರಂತೆ!

ಆ ಷರತ್ತು ವಿಮೆ ಮಾಡಿಸದವರಿಗೆ, ಅಲ್ವಾ? ನಾನು ಕೌಂಟರ್‌ನಲ್ಲಿ ಬಿಲ್ ತೋರಿಸಿ 8,500 ಅಂತ ಘೋಷಿತ ಮೌಲ್ಯ ಬರೆಸಿದ್ದೇನೆ. ಅದರ ಮೇಲೆ ಶೇಕಡಾ 2ರಂತೆ 170 ರೂಪಾಯಿ ಬೇರೆಯಾಗಿ ಕಟ್ಟಿದ್ದೇನೆ. ರಶೀದಿಯಲ್ಲಿ ಸಾಗಣೆ ದರದ ಕೆಳಗೇ 'ರಿಸ್ಕ್ ಚಾರ್ಜ್ 170' ಅಂತ ಅಚ್ಚಾಗಿದೆ. ಆದರೆ ಕೌಂಟರ್ ಹುಡುಗ ಟಿಕ್ ಹಾಕಿದ್ದು 'ಮಾಲೀಕರ ರಿಸ್ಕ್' ಅನ್ನೋ ಚೌಕಕ್ಕೆ. ರಿಸ್ಕ್ ನನ್ನದೇ ಆದರೆ ಆ 170 ಯಾತಕ್ಕೆ ತಗೊಂಡ್ರಿ?

ಬಿಲ್ ಕೇಳಿದರು, ಕಳಿಸಿದೆ. ರಶೀದಿ ಕೇಳಿದರು, ಕಳಿಸಿದೆ. ಈಗ ಹಾನಿಯಾದ ವಸ್ತುವಿನ ಫೋಟೋ ಬೇಕಂತೆ. ಕಳೆದುಹೋದ ವಸ್ತುವಿನ ಫೋಟೋ ಎಲ್ಲಿಂದ ತರಲಿ?

ಕೋಟೆಯ ಮಣ್ಣಿನಲ್ಲಿ ಕುದಿಸಿ ಕಪ್ಪು ಮಾಡಿದ ಮೈ. ಅದರ ಮೇಲೆ ಉಳಿಯಿಂದ ಕೊರೆದು ಕೂರಿಸಿದ ಬೆಳ್ಳಿ ತಂತಿಯ ಬಳ್ಳಿ. ಅಂಥದ್ದನ್ನು ಕಳೆದು 100 ರೂಪಾಯಿ ಅಂತೀರಾ? ನಾಲ್ಕನೇ ಮೇಲ್ ಈಗಷ್ಟೇ ಕಳಿಸಿದೆ. 8,500ಕ್ಕೆ ಒಂದು ರೂಪಾಯಿ ಕಡಿಮೆ ಕೊಟ್ಟರೂ ತಗೊಳ್ಳಲ್ಲ.